ಸೊನ್ನೆ ಸೇರಿಸಿದ್ರೆ ಬೆಲೆ ಜಾಸ್ತಿ ಆಗಲ್ವಾ ಮಿಸ್?

ಪಾಠ ಕೆಟ್ಟುಹೋದ ದಿನ ದಿನಚರಿಯಲ್ಲಿ ಏನು ಬರೆಯಬೇಕು ಅನ್ನೋದು ಪ್ರಶಿಕ್ಷಣಾರ್ಥಿಗಳಾದ ನಮಗೆಲ್ಲ ಬಾಯಿಪಾಠ. "ತರಗತಿ ನಿಯಂತ್ರಣ ಸಾಲದು. ಸಮಯ ಹೊಂದಿಸಲು ಆಗಲಿಲ್ಲ. ಮುಂದಿನ ಸಲ ಬೋಧನೋಪಕರಣ ಜಾಸ್ತಿ ಬಳಸುತ್ತೇನೆ." ವಿಜ್ಞಾನದ ಪಾಠವಾಗಲಿ, ಪದ್ಯದ ಪಾಠವಾಗಲಿ, ಈ ಮೂರು ಸಾಲು ಎಲ್ಲದಕ್ಕೂ ಸರಿಹೊಂದುತ್ತವೆ. ಆರನೇ ತರಗತಿಗೆ ದಶಮಾಂಶ ಸಂಖ್ಯೆಗಳ ಹೋಲಿಕೆ ಪಾಠ ಮಾಡಿ ಬಂದ ಸಂಜೆ ನಾನು ಬರೆದದ್ದೂ ಇವೇ ಸಾಲುಗಳನ್ನು. ಮಾರ್ಗದರ್ಶಕ ಶಿಕ್ಷಕಿ ಅದರ ಕೆಳಗೆ ಸಹಿ ಹಾಕಲಿಲ್ಲ. ಪೆನ್ಸಿಲ್‌ನಲ್ಲಿ ಒಂದು ಪ್ರಶ್ನೆ ಬರೆದು ವಾಪಸ್ ಕೊಟ್ಟರು: "ಗಲಾಟೆ ಶುರುವಾದಾಗ ಬೋರ್ಡ್ ಮೇಲೆ ಯಾವ ಲೆಕ್ಕ ಇತ್ತು?"

ನನಗೆ ನೆನಪಿರಲಿಲ್ಲ. ಗಲಾಟೆ ನೆನಪಿತ್ತು, ಲೆಕ್ಕ ನೆನಪಿರಲಿಲ್ಲ. ಅವರು ಹಿಂದಿನ ಬೆಂಚಿನಲ್ಲಿ ಕೂತು ಬರೆದುಕೊಂಡ ಅವಲೋಕನದ ಹಾಳೆ ಇಸಿದುಕೊಂಡು ನೋಡಿದೆ. ಅದರಲ್ಲಿ ಸಮಯಕ್ಕೆ ಒಂದು ಕಾಲಂ, ನಾನು ಹೇಳಿದ್ದಕ್ಕೆ ಒಂದು, ಮಕ್ಕಳು ಹೇಳಿದ್ದಕ್ಕೆ ಒಂದು. ನಲವತ್ತು ನಿಮಿಷದ ಅವಧಿಯಲ್ಲಿ ಮೊದಲ ಹದಿನೈದು ನಿಮಿಷ ಎಲ್ಲ ಶಾಂತ. ಹದಿನಾರನೇ ನಿಮಿಷದ ಎದುರು ಹೀಗಿತ್ತು: "0.8, 0.45 – ಯಾವುದು ದೊಡ್ಡದು?" ಅಲ್ಲಿಂದ ಮುಂದೆ ಮಕ್ಕಳ ಕಾಲಂ ತುಂಬಿ ಅಂಚಿಗೂ ಹರಿದಿತ್ತು.

ನಾನು ಶಿಸ್ತಿನ ಸಮಸ್ಯೆ ಅಂದುಕೊಂಡದ್ದು ನಿಜವಾಗಿ ಗಣಿತದ ಜಗಳ. ಮಕ್ಕಳು ಹರಟೆ ಹೊಡೆಯುತ್ತಿರಲಿಲ್ಲ. ಯಾವುದು ದೊಡ್ಡದು ಅಂತ ಪಕ್ಕದವರ ಜೊತೆ ವಾದಿಸುತ್ತಿದ್ದರು. ಅದನ್ನು "ಸೈಲೆನ್ಸ್" ಅಂತ ಕೂಗಿ ಅಡಗಿಸಲು ಹೋದರೆ ಅಡಗುತ್ತದೆಯೇ?

ದಿನಚರಿ ಬರೆಯಲು ನಮಗೆ ಕೊಟ್ಟಿರುವ ಚೌಕಟ್ಟು ಶಿಕ್ಷಣತಜ್ಞ ಗ್ರಹಾಂ ಗಿಬ್ಸ್ ಅವರು 1988ರಲ್ಲಿ ಮುಂದಿಟ್ಟ ಆರು ಹಂತಗಳ ಚಕ್ರ. ಏನಾಯಿತು, ಏನನಿಸಿತು, ಯಾವುದು ಚೆನ್ನಾಗಿತ್ತು ಯಾವುದು ಇರಲಿಲ್ಲ, ಯಾಕೆ ಹಾಗಾಯಿತು, ಏನು ತಿಳಿಯಿತು, ಮುಂದೇನು. ಚೌಕಟ್ಟು ಕೆಟ್ಟದ್ದೇನಲ್ಲ. ಆದರೆ ನಮ್ಮ ಬ್ಯಾಚಿನ ದಿನಚರಿಗಳನ್ನು ತಿರುವಿ ಹಾಕಿದರೆ ಒಂದು ವಿಷಯ ಕಾಣುತ್ತದೆ. ಎರಡನೇ ಹಂತಕ್ಕೆ ಒಂದು ಪುಟ, ನಾಲ್ಕನೇ ಹಂತಕ್ಕೆ ಎರಡು ಸಾಲು. ಬೇಜಾರಾಯಿತು, ಗಾಬರಿಯಾಯಿತು ಅಂತ ಎಷ್ಟು ಬೇಕಾದರೂ ಬರೆಯಬಹುದು. ಯಾಕೆ ಹಾಗಾಯಿತು ಅಂತ ಬರೆಯಬೇಕಾದರೆ ಮಕ್ಕಳ ನೋಟ್ ಬುಕ್ ಮುಂದಿಟ್ಟುಕೊಂಡು ಕೂರಬೇಕು. ಹಾಗಾಗಿ ಈ ಸಲ ನಾಲ್ಕನೇ ಹಂತವನ್ನಷ್ಟೇ ಬರೆಯುತ್ತೇನೆ.

ಮೊದಲ ಹದಿನೈದು ನಿಮಿಷ ಯಾಕೆ ಅಷ್ಟು ಶಾಂತವಾಗಿತ್ತು ಅನ್ನೋದರಿಂದಲೇ ಶುರು ಮಾಡಬೇಕು. ಆ ಹೊತ್ತಿನಲ್ಲಿ ಬೋರ್ಡ್ ಮೇಲೆ ನಾಲ್ಕು ಜೋಡಿ ಬರೆದಿದ್ದೆ: 3.2 ಮತ್ತು 3.7, 0.6 ಮತ್ತು 0.9, 4.18 ಮತ್ತು 4.25, 12.35 ಮತ್ತು 12.53. ಪ್ರತಿಯೊಂದಕ್ಕೂ ಇಡೀ ತರಗತಿ ಒಂದೇ ದನಿಯಲ್ಲಿ ಸರಿ ಉತ್ತರ ಹೇಳಿತು. ನನಗೆ ಖುಷಿಯಾಯಿತು. ಪಾಠ ಹಿಡಿಸಿದೆ, ಬೇಗ ಮುಂದೆ ಹೋಗೋಣ ಅನಿಸಿತು.

ಈಗ ಆ ನಾಲ್ಕು ಜೋಡಿಗಳನ್ನು ನೋಡಿ. ಎಲ್ಲದರಲ್ಲೂ ಬಿಂದುವಿನ ನಂತರ ಅಂಕಿಗಳ ಸಂಖ್ಯೆ ಸಮ. ಬಿಂದು ಇದೆ ಅನ್ನೋದನ್ನೇ ಮರೆತು 32 ದೊಡ್ಡದೋ 37 ದೊಡ್ಡದೋ, 418 ದೊಡ್ಡದೋ 425 ದೊಡ್ಡದೋ ಅಂತ ನೋಡಿದರೂ ಉತ್ತರ ಸರಿಯೇ ಬರುತ್ತದೆ. ದಶಮಾಂಶ ಅಂದರೆ ಏನು ಅಂತ ಒಂದಿಷ್ಟೂ ಗೊತ್ತಿಲ್ಲದ ಮಗು ನಾಲ್ಕಕ್ಕೆ ನಾಲ್ಕು ಅಂಕ ತೆಗೆಯುವ ಉದಾಹರಣೆಗಳು ಅವು. ಅಷ್ಟೇ ಆಗಿದ್ದರೆ ಸಮಯ ಹಾಳು ಅನ್ನಬಹುದಿತ್ತು. ಇಲ್ಲಿ ಆದದ್ದು ಅದಕ್ಕಿಂತ ಕೆಟ್ಟದ್ದು. ಬಿಂದುವನ್ನು ಲೆಕ್ಕಕ್ಕೆ ಇಡದೆ ಹೋಲಿಸಿದರೆ ಸಾಕು ಅಂತ ಮಕ್ಕಳಿಗೆ ನಾಲ್ಕು ಸಲ ಅಭ್ಯಾಸ ಮಾಡಿಸಿ, ನಾಲ್ಕು ಸಲವೂ "ವೆರಿ ಗುಡ್" ಅಂದಿದ್ದೆ. ಸುಲಭದಿಂದ ಕಷ್ಟಕ್ಕೆ ಹೋಗಬೇಕು ಅಂತ ನಮಗೆ ಕಲಿಸುತ್ತಾರೆ. ಸುಲಭದ ಉದಾಹರಣೆ ಯಾವ ಕಾರಣಕ್ಕೆ ಸುಲಭ ಅಂತ ಕೇಳಿಕೊಳ್ಳಲು ಪಾಠ ಯೋಜನೆಯಲ್ಲಿ ಕಾಲಂ ಇಲ್ಲ.

ಇದರ ಜೊತೆ ನನ್ನ ಓದುವ ರೀತಿ ಬೇರೆ. 4.18 ಅನ್ನು ನಾನು "ನಾಲ್ಕು ಪಾಯಿಂಟ್ ಹದಿನೆಂಟು" ಅಂತಲೇ ಓದುತ್ತಿದ್ದೆ. ಅವಲೋಕನದ ಹಾಳೆಯಲ್ಲಿ ಶಿಕ್ಷಕಿ ಅದಕ್ಕೆ ಅಡಿಗೆರೆ ಎಳೆದಿದ್ದರು. ಹದಿನೆಂಟು ಅಂದ ತಕ್ಷಣ ಮಗುವಿನ ತಲೆಯಲ್ಲಿ ಬರೋದು ಪೂರ್ಣ ಸಂಖ್ಯೆಯ ಹದಿನೆಂಟು. "ನಾಲ್ಕು ಪಾಯಿಂಟ್ ಒಂದು ಎಂಟು" ಅಂದಿದ್ದರೆ ಪ್ರತಿ ಅಂಕಿಯೂ ತನ್ನ ಜಾಗದಲ್ಲಿ ನಿಲ್ಲುತ್ತಿತ್ತು. ಪುಸ್ತಕಗಳೂ ಇದಕ್ಕೆ ಕೈಜೋಡಿಸುತ್ತವೆ. ಅಭ್ಯಾಸ 3.9 ಆದ ಮೇಲೆ ಅಭ್ಯಾಸ 3.10 ಬರುತ್ತದೆ. ಮಗುವಿನ ಕಣ್ಣಿಗೆ ಅಲ್ಲಿ 3.10 ದೊಡ್ಡದು. ಅದು ದಶಮಾಂಶವಲ್ಲ, ಬರೀ ಕ್ರಮಸಂಖ್ಯೆ ಅಂತ ಯಾರು ಹೇಳಿಕೊಟ್ಟಿದ್ದಾರೆ?

ಹದಿನಾರನೇ ನಿಮಿಷಕ್ಕೆ ಬರೋಣ. 0.8 ಮತ್ತು 0.45 ಬರೆದಾಗ ಮುಕ್ಕಾಲು ಪಾಲು ಮಕ್ಕಳು "0.45" ಅಂದರು. ಕಿಟಕಿ ಪಕ್ಕ ಕೂತಿದ್ದ ಹುಡುಗನೊಬ್ಬ "0.8" ಅಂದ. ನನಗೆ ಬೇಕಾಗಿದ್ದ ಉತ್ತರ ಅದು. "ಶಭಾಷ್, ಇವನು ಸರಿಯಾಗಿ ಹೇಳಿದ" ಅಂದೆ. ಯಾಕೆ ಅಂತ ಕೇಳಲಿಲ್ಲ. ಸೀದಾ ನಿಯಮಕ್ಕೆ ಹೋದೆ: ಅಂಕಿಗಳು ಸಮ ಇಲ್ಲದಿದ್ದರೆ ಕೊನೆಯಲ್ಲಿ ಸೊನ್ನೆ ಸೇರಿಸಿ ಸಮ ಮಾಡಿ. 0.80 ಮತ್ತು 0.45. ಎಂಬತ್ತು ದೊಡ್ಡದು, ಹಾಗಾಗಿ 0.8 ದೊಡ್ಡದು.

ಮುಂದಿನ ಬೆಂಚಿನ ಹುಡುಗಿ ಕೈ ಎತ್ತಿದಳು. "ಮಿಸ್, ಸೊನ್ನೆ ಸೇರಿಸಿದ್ರೆ ಬೆಲೆ ಜಾಸ್ತಿ ಆಗಲ್ವಾ? ಎಂಟಕ್ಕೆ ಸೊನ್ನೆ ಸೇರಿಸಿದ್ರೆ ಎಂಬತ್ತು ಆಗತ್ತೆ ಅಲ್ವಾ?"

ಒಳ್ಳೆಯ ಪ್ರಶ್ನೆ. ಹತ್ತರಿಂದ ಗುಣಿಸಲು ಕೊನೆಗೆ ಒಂದು ಸೊನ್ನೆ ಹಾಕಿ ಅಂತ ಕೆಳಗಿನ ತರಗತಿಗಳಲ್ಲಿ ನಾವೇ ಹೇಳಿಕೊಟ್ಟಿರುತ್ತೇವೆ. ಆ ಹುಡುಗಿ ಅದನ್ನು ನೆನಪಿಟ್ಟುಕೊಂಡು, ನಾನು ಈಗ ಹೇಳಿದ್ದಕ್ಕೆ ತಾಳೆ ಹಾಕಿ, ಎರಡೂ ಕೂಡುತ್ತಿಲ್ಲ ಅಂತ ಕಂಡುಹಿಡಿದಿದ್ದಳು. ನನ್ನ ಉತ್ತರ: "ದಶಮಾಂಶದಲ್ಲಿ ಕೊನೆಯ ಸೊನ್ನೆಗೆ ಬೆಲೆ ಇಲ್ಲ." "ಯಾಕೆ ಮಿಸ್?" "ಅದು ನಿಯಮ."

ಇದಾದ ಮೇಲೆ ಮಕ್ಕಳ ಕಾಲಂ ತುಂಬಿಕೊಂಡಿದೆ. ಒಬ್ಬ ಕೇಳುತ್ತಾನೆ: "ಹಾಗಾದ್ರೆ 0.08 ಕೂಡ 0.8 ತಾನೇ? ಸೊನ್ನೆಗೆ ಬೆಲೆ ಇಲ್ಲ ಅಂದ್ರಿ." ಇನ್ನೊಬ್ಬಳು ಸೊನ್ನೆಯನ್ನು ಎಲ್ಲಿ ಸೇರಿಸಬೇಕು ಅಂತ ಗೊತ್ತಾಗದೆ 0.8 ಅನ್ನು 0.08 ಮಾಡಿ, ಈಗ ಎರಡೂ ಸಮ ಉದ್ದ ಆಯ್ತು, ಎಂಟಕ್ಕಿಂತ ನಲವತ್ತೈದು ದೊಡ್ಡದು ಅನ್ನುತ್ತಾಳೆ. ಸೊನ್ನೆ ಸೇರಿಸಿ ಸಮ ಮಾಡಿ ಅನ್ನೋದನ್ನು ಪಾಲಿಸಿಯೇ ತಪ್ಪು ಉತ್ತರಕ್ಕೆ ತಲುಪಿದ್ದಳು. ಈ ಗದ್ದಲದ ನಡುವೆ ನಾನು ಮುಂದಿನ ಜೋಡಿ ಬರೆದೆ: 0.5 ಮತ್ತು 0.62. ಕಿಟಕಿ ಪಕ್ಕದ ಹುಡುಗನನ್ನೇ ಕೇಳಿದೆ. ಅವನಿಗಾದರೂ ಗೊತ್ತಿದೆ ಅನ್ನೋ ಧೈರ್ಯ. ಅವನು "0.5" ಅಂದ.

"ಈಗ ತಾನೇ ಸರಿಯಾಗಿ ಹೇಳಿದ್ಯಲ್ಲ, ಇದು ಹೇಗೆ ತಪ್ಪಾಯ್ತು?" ಅಂತ ಕೇಳಿದೆ. ಅವನು ಹೇಳಿದ್ದನ್ನು ಶಿಕ್ಷಕಿ ಪೂರ್ತಿ ಬರೆದುಕೊಂಡಿದ್ದಾರೆ: "ಹತ್ತು ಭಾಗ ಮಾಡಿದ್ರೆ ಒಂದೊಂದು ತುಂಡು ದೊಡ್ಡದಾಗಿರತ್ತೆ ಮಿಸ್. ನೂರು ಭಾಗ ಮಾಡಿದ್ರೆ ಪುಟ್ಟದಾಗಿರತ್ತೆ. ಅದಕ್ಕೇ 0.5 ದೊಡ್ಡದು." ನಾನು "ತಪ್ಪು, ಸೊನ್ನೆ ಹಾಕಿ ನೋಡು" ಅಂದೆ. ಹುಡುಗ ಕೂತ. ಅವಧಿ ಮುಗಿಯುವವರೆಗೆ ಅವನ ಹೆಸರಿನ ಎದುರು ಹಾಳೆಯಲ್ಲಿ ಇನ್ನೇನೂ ಇಲ್ಲ.

ಈ ಮಾತನ್ನು ಮತ್ತೆ ಮತ್ತೆ ಓದಿದೆ. ಅವನು ಹೇಳಿದ್ದರಲ್ಲಿ ಮೊದಲ ಎರಡು ವಾಕ್ಯ ನೂರಕ್ಕೆ ನೂರು ಸರಿ. ಹತ್ತನೇ ಒಂದು ಭಾಗ ನೂರನೇ ಒಂದು ಭಾಗಕ್ಕಿಂತ ದೊಡ್ಡದು. ಆ ತರಗತಿಯಲ್ಲಿ ದಶಮಾಂಶದ ಅರ್ಥವನ್ನು ಬಾಯಿಬಿಟ್ಟು ಹೇಳಿದವನು ಅವನೊಬ್ಬನೇ. ನಾನೂ ಹೇಳಿರಲಿಲ್ಲ. ಅವನಿಗೆ ಬಿಟ್ಟುಹೋಗಿದ್ದು ಒಂದೇ: ತುಂಡಿನ ಗಾತ್ರದ ಜೊತೆ ತುಂಡುಗಳು ಎಷ್ಟಿವೆ ಅಂತಲೂ ನೋಡಬೇಕು. ಐದು ದೊಡ್ಡ ತುಂಡು ಒಂದು ಕಡೆ, ಅರವತ್ತೆರಡು ಪುಟ್ಟ ತುಂಡು ಇನ್ನೊಂದು ಕಡೆ. ಹತ್ತು ಪುಟ್ಟ ತುಂಡು ಸೇರಿದರೆ ಒಂದು ದೊಡ್ಡ ತುಂಡು. ಅಂದರೆ ಅರವತ್ತೆರಡು ಪುಟ್ಟ ತುಂಡುಗಳಲ್ಲಿ ಆರು ದೊಡ್ಡ ತುಂಡು ಆಗಲೇ ಅಡಗಿವೆ. ಇನ್ನು ಅರ್ಧ ನಿಮಿಷ ಅವನ ಜೊತೆ ಮಾತಾಡಿದ್ದರೆ ಸೊನ್ನೆಯ ಪ್ರಶ್ನೆಗೂ ಅಲ್ಲೇ ಉತ್ತರ ಸಿಗುತ್ತಿತ್ತು. 0.8 ಅಂದರೆ ಎಂಟು ದೊಡ್ಡ ತುಂಡು. ಒಂದೊಂದನ್ನೂ ಹತ್ತಾಗಿ ಕತ್ತರಿಸಿದರೆ ಎಂಬತ್ತು ಪುಟ್ಟ ತುಂಡು, ಅದೇ 0.80. ಸಂಖ್ಯೆ ಹತ್ತು ಪಟ್ಟಾಯಿತು, ತುಂಡು ಹತ್ತರಲ್ಲಿ ಒಂದಾಯಿತು, ಒಟ್ಟು ಬೆಲೆ ಇದ್ದಷ್ಟೇ ಉಳಿಯಿತು. ಹುಡುಗಿ ಕೇಳಿದ್ದೂ ಇದನ್ನೇ. ಎಂಟು ಎಂಬತ್ತಾದದ್ದು ನಿಜ ಅಂತ ಅವಳಿಗೆ ಹೇಳಬೇಕಿತ್ತು.

ಹಾಗಾದರೆ 0.8 ಮತ್ತು 0.45ಕ್ಕೆ ಅವನು ಸರಿ ಉತ್ತರ ಹೇಳಿದ್ದು? ಅದೂ ಇದೇ ತರ್ಕದಿಂದ. ಅಂಕಿ ಕಡಿಮೆ ಇದ್ದರೆ ತುಂಡು ದೊಡ್ಡದು, ಹಾಗಾಗಿ ಸಂಖ್ಯೆಯೇ ದೊಡ್ಡದು. ತಪ್ಪು ದಾರಿಯಲ್ಲಿ ಬಂದ ಸರಿ ಉತ್ತರಕ್ಕೆ ನಾನು ಶಭಾಷ್ ಅಂದಿದ್ದೆ. ಆಮೇಲೆ ಅದೇ ದಾರಿಯಲ್ಲಿ ಬಂದ ತಪ್ಪು ಉತ್ತರಕ್ಕೆ ಗದರಿದೆ. ಅವನ ಕಡೆಯಿಂದ ನೋಡಿದರೆ ಈ ಟೀಚರ್‌ಗೆ ತಲೆಬುಡ ಇಲ್ಲ.

ಅವಧಿಯ ಕೊನೆಯಲ್ಲಿ ಚೀಟಿ ಕೊಟ್ಟು ನಾಲ್ಕು ಲೆಕ್ಕ ಬರೆಸಿದ್ದೆ. ಪಠ್ಯಪುಸ್ತಕದ ಅಭ್ಯಾಸದಿಂದ ಎತ್ತಿಕೊಂಡ ಲೆಕ್ಕಗಳು, ಹೆಚ್ಚು ಯೋಚಿಸಿ ಆರಿಸಿದ್ದಲ್ಲ. ದೊಡ್ಡ ಸಂಖ್ಯೆಗೆ ಸುತ್ತು ಹಾಕಿ, ಸಮ ಇದ್ದರೆ ಸಮ ಅಂತ ಬರೆಯಿರಿ ಅಂತ ಸೂಚನೆ. ಮೊದಲನೆಯದು 0.7 ಮತ್ತು 0.52. ಎರಡನೆಯದು 0.3 ಮತ್ತು 0.48. ಮೂರನೆಯದು 4.08 ಮತ್ತು 4.7. ನಾಲ್ಕನೆಯದು 0.6 ಮತ್ತು 0.60. ಮೊದಲ ಸಲ ತಿದ್ದಿದಾಗ ಅಂಕ ಹಾಕಿ, ಸರಾಸರಿ ತೆಗೆದು, "ಸಾಧನೆ ಸಮಾಧಾನಕರವಲ್ಲ" ಅಂತ ದಿನಚರಿಯಲ್ಲಿ ಬರೆದಿದ್ದೆ. ಎರಡನೇ ಸಲ ಕೂತಾಗ ಅಂಕ ಬಿಟ್ಟು, ಒಂದೇ ತರಹ ತಪ್ಪು ಮಾಡಿದವರ ಚೀಟಿಗಳನ್ನು ಒಂದೊಂದು ಗುಡ್ಡೆ ಹಾಕಿದೆ. 38 ಚೀಟಿ ನಾಲ್ಕು ಗುಡ್ಡೆ ಆದವು.

ಒಂದು ಗುಡ್ಡೆಯಲ್ಲಿ 13 ಚೀಟಿ. ಇವರಿಗೆ ಅಂಕಿ ಜಾಸ್ತಿ ಇದ್ದ ಸಂಖ್ಯೆ ದೊಡ್ಡದು. 0.52, 0.48, 4.08, 0.60 – ನಾಲ್ಕರಲ್ಲೂ ಉದ್ದದ್ದಕ್ಕೇ ಸುತ್ತು. ಎರಡನೆಯದು ಮಾತ್ರ ಸರಿ, ಅದೂ ಅದೃಷ್ಟಕ್ಕೆ. ಇನ್ನೊಂದು ಗುಡ್ಡೆಯಲ್ಲಿ 6 ಚೀಟಿ, ಕಿಟಕಿ ಪಕ್ಕದ ಹುಡುಗನದ್ದೂ ಇಲ್ಲೇ. ಇವರಿಗೆ ಅಂಕಿ ಕಡಿಮೆ ಇದ್ದದ್ದು ದೊಡ್ಡದು: 0.7, 0.3, 4.7, 0.6. ಮೊದಲನೆಯದೂ ಮೂರನೆಯದೂ ಸರಿ. ಅಂಕ ಮಾತ್ರ ನೋಡಿದರೆ ಇವರು ನಾಲ್ಕಕ್ಕೆ ಎರಡು ತೆಗೆದ ಸಾಧಾರಣ ಮಕ್ಕಳು, ಅವರು ನಾಲ್ಕಕ್ಕೆ ಒಂದು ತೆಗೆದ ಹಿಂದುಳಿದ ಮಕ್ಕಳು. ನಿಜಕ್ಕೂ ಇವು ಒಂದಕ್ಕೊಂದು ಉಲ್ಟಾ ಇರುವ ಎರಡು ಯೋಚನೆಗಳು. ಒಬ್ಬರಿಗೆ ಕೊಡುವ ಮದ್ದು ಇನ್ನೊಬ್ಬರಿಗೆ ವಿಷ. "ಉದ್ದ ಇದ್ದರೆ ದೊಡ್ಡದು ಅಂತ ಅಂದುಕೋಬೇಡಿ" ಅಂತ ತರಗತಿಗೆಲ್ಲ ಹೇಳಿದ್ದರೆ ಈ ಆರು ಮಕ್ಕಳು ತಲೆಯಾಡಿಸಿ, ನಾವು ಮೊದಲಿಂದಲೂ ಸರಿ ಅಂತ ಕೂರುತ್ತಿದ್ದರು.

ಮೂರನೇ ಗುಡ್ಡೆ ನಾಲ್ಕೂ ಸರಿ ಮಾಡಿದವರದ್ದು, 15 ಚೀಟಿ. ಉಳಿದ 4 ಚೀಟಿಗಳಲ್ಲಿ ಯಾವ ದಾರಿಯೂ ಕಾಣಲಿಲ್ಲ. ಪಕ್ಕದವರದ್ದು ನೋಡಿ ಬರೆದಿರಬಹುದು, ಸುಮ್ನೆ ಊಹಿಸಿರಲೂಬಹುದು.

ಮಕ್ಕಳ ಈ ಎರಡು ಯೋಚನೆಗಳು ನನ್ನ ತರಗತಿಯಲ್ಲಿ ಹುಟ್ಟಿದ್ದೇನಲ್ಲ. ಲಾರೆನ್ ರೆಸ್ನಿಕ್ ಮತ್ತು ಸಂಗಡಿಗರು ಅಮೆರಿಕ, ಫ್ರಾನ್ಸ್, ಇಸ್ರೇಲ್ ಮಕ್ಕಳನ್ನು ನೋಡಿ 1989ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇವು ಇವೆ. ಆಸ್ಟ್ರೇಲಿಯಾದ ಮೆಲ್ಬರ್ನ್ ವಿಶ್ವವಿದ್ಯಾಲಯದ ಕೇ ಸ್ಟೇಸಿ ಮತ್ತು ವಿಕಿ ಸ್ಟೈನಲ್ ಇಂಥ ಜೋಡಿಗಳನ್ನೇ ಬಳಸಿ ಒಂದು ಪರೀಕ್ಷೆ ಕಟ್ಟಿದ್ದಾರೆ. ಮಗು ಎಷ್ಟು ಸರಿ ಮಾಡಿತು ಅಂತ ಅದು ಎಣಿಸುವುದಿಲ್ಲ. ಯಾವ ಜೋಡಿಗಳಲ್ಲಿ ಸರಿ, ಯಾವ ಜೋಡಿಗಳಲ್ಲಿ ತಪ್ಪು ಅಂತ ನೋಡಿ, ಮಗು ಹೇಗೆ ಯೋಚಿಸುತ್ತಿದೆ ಅಂತ ಹೇಳುತ್ತದೆ. ಇದನ್ನು ಓದಿದ್ದು ಪಾಠ ಆದ ಮೇಲೆ. ಪಾಠಕ್ಕೆ ಮೊದಲು ನಾನು ಓದಿದ್ದು ಪಠ್ಯಪುಸ್ತಕದ ಆ ಮೂರು ಪುಟ ಮಾತ್ರ. ವಿಷಯ ಗೊತ್ತಿರೋದು ಬೇರೆ, ಆ ವಿಷಯದಲ್ಲಿ ಮಕ್ಕಳು ಎಲ್ಲಿ ಎಡವುತ್ತಾರೆ ಅಂತ ಗೊತ್ತಿರೋದು ಬೇರೆ. ನನಗೆ ಮೊದಲನೆಯದು ಇತ್ತು.

ನಾಲ್ಕೂ ಸರಿ ಮಾಡಿದ 15 ಮಕ್ಕಳ ವಿಷಯದಲ್ಲಿ ನನಗೆ ಸ್ವಲ್ಪ ಸಮಾಧಾನವಿತ್ತು. ಅಷ್ಟು ಜನಕ್ಕಾದರೂ ಪಾಠ ಮುಟ್ಟಿತಲ್ಲ ಅಂತ. ಶಿಕ್ಷಕಿ ಅದನ್ನೂ ಉಳಿಸಲಿಲ್ಲ. "ಅವರನ್ನು ಒಂದು ಪ್ರಶ್ನೆ ಕೇಳು. 0.7ಕ್ಕೂ 0.8ಕ್ಕೂ ನಡುವೆ ಒಂದು ಸಂಖ್ಯೆ ಹೇಳಿ ಅನ್ನು" ಅಂದರು. ಮರುದಿನ ಬಿಡುವಿನಲ್ಲಿ ಕರೆದು ಕೇಳಿದೆ. ಹತ್ತು ಜನ "ನಡುವೆ ಏನೂ ಇಲ್ಲ ಮಿಸ್, ಏಳಾದ ಮೇಲೆ ಎಂಟೇ" ಅಂದರು. ಸೊನ್ನೆ ಸೇರಿಸಿ ಹೋಲಿಸುವುದು ಅವರಿಗೆ ಚೆನ್ನಾಗಿ ಬರುತ್ತದೆ. ಸೊನ್ನೆ ಸೇರಿಸಿದ ಮೇಲೆ ಅವರು ಹೋಲಿಸುತ್ತಿರೋದು ಎಪ್ಪತ್ತು ಮತ್ತು ಐವತ್ತೆರಡನ್ನು, ಅಂದರೆ ಪೂರ್ಣ ಸಂಖ್ಯೆಗಳನ್ನೇ. ನನ್ನ ನಿಯಮ ಅವರನ್ನು ದಶಮಾಂಶದ ಹತ್ತಿರ ಕರೆದುಕೊಂಡು ಹೋಗಲೇ ಇಲ್ಲ. ಅದರ ಪಕ್ಕದಿಂದ ದಾಟಿಸಿಬಿಟ್ಟಿತು. ನಿಯಮ ತಪ್ಪು ಅಂತ ನಾನು ಹೇಳುತ್ತಿಲ್ಲ. ಅರ್ಥ ಗೊತ್ತಿದ್ದವರಿಗೆ ಅದು ಒಳ್ಳೆಯ ಅಡ್ಡದಾರಿ. ನಾನು ಅದನ್ನೇ ಹೆದ್ದಾರಿ ಮಾಡಿದ್ದೆ.

ಮತ್ತೆ ಅದೇ ಪಾಠ ಮಾಡಲು ಒಂದು ಅವಧಿ ಸಿಕ್ಕಿತು. ಯಾವ ಉಪಕರಣ ಬಳಸಬೇಕು ಅಂತ ಯೋಚಿಸಿದಾಗ ಮೊದಲು ಹೊಳೆದದ್ದು ಮೀಟರ್ ಪಟ್ಟಿ. 0.8 ಮೀಟರ್, 0.45 ಮೀಟರ್ ತೋರಿಸಿಬಿಟ್ಟರೆ ಕಣ್ಣಿಗೇ ಕಾಣುತ್ತದಲ್ಲ. ಶಿಕ್ಷಕಿ ಬೇಡ ಅಂದರು. ಮಕ್ಕಳು ಅದನ್ನು 80 ಸೆಂಟಿಮೀಟರ್, 45 ಸೆಂಟಿಮೀಟರ್ ಮಾಡಿಕೊಳ್ಳುತ್ತಾರೆ, ಮತ್ತೆ ಪೂರ್ಣ ಸಂಖ್ಯೆಗೇ ಓಡುತ್ತಾರೆ. ಹಣದ ಉದಾಹರಣೆಯ ತೊಂದರೆಯೂ ಇದೇ. ಬಿಂದುವಿನ ನಂತರ ಎರಡು ಅಂಕಿ ಇರುವವರೆಗೆ ನಡೆಯುತ್ತದೆ, 0.345 ಮತ್ತು 0.36 ಬಂದ ದಿನ ಕೈಕೊಡುತ್ತದೆ.

ಹಾಗಾಗಿ ಗುರುತುಗಳಿಲ್ಲದ ಉದ್ದನೆಯ ರಟ್ಟಿನ ಪಟ್ಟಿ ತೆಗೆದುಕೊಂಡು ಅದರ ಹೆಸರು "ಒಂದು" ಅಂತ ಇಟ್ಟೆವು. ಅದೇ ಉದ್ದದ ಇನ್ನೆರಡನ್ನು ಮಕ್ಕಳೇ ಹತ್ತು ಹತ್ತು ಸಮ ತುಂಡು ಮಾಡಿದರು. ಆ ತುಂಡುಗಳಲ್ಲಿ ಒಂದನ್ನು ಮತ್ತೆ ಹತ್ತು ಮಾಡಿದರು. ಒಂದು ಗುಂಪಿನಲ್ಲಿ ತುಂಡುಗಳು ಸಮ ಬರದೆ ಕತ್ತರಿಸಿದ್ದನ್ನು ಬಿಸಾಡಿ ಮತ್ತೆ ಮಾಡಬೇಕಾಯಿತು. ಅದಕ್ಕೆ ಸಮಯ ಹೋಯಿತು. ಮುಂದಿನ ಸಲ ಹತ್ತರ ತುಂಡುಗಳನ್ನು ನಾನೇ ಕತ್ತರಿಸಿಕೊಂಡು ಹೋಗುತ್ತೇನೆ, ಕೊನೆಯ ಹತ್ತನ್ನು ಮಾತ್ರ ಮಕ್ಕಳಿಗೆ ಬಿಡುತ್ತೇನೆ.

ಈ ಸಲ ಮೊದಲ ಜೋಡಿಯೇ 0.5 ಮತ್ತು 0.62. ಎರಡನೆಯದು 0.8 ಮತ್ತು 0.45. ಈ ಎರಡನ್ನು ಹಿಂದೆ ಮುಂದೆ ಇಟ್ಟರೆ ಉದ್ದ ನೋಡಿ ಹೇಳುವವರು ಒಂದರಲ್ಲಿ ಸಿಕ್ಕಿಬೀಳುತ್ತಾರೆ, ಗಿಡ್ಡ ನೋಡಿ ಹೇಳುವವರು ಇನ್ನೊಂದರಲ್ಲಿ. ಉತ್ತರ ಹೇಳಿದವರಿಗೆ ಸರಿ ಅಂತಲೂ ತಪ್ಪು ಅಂತಲೂ ಹೇಳದೆ, "ಜೋಡಿಸಿ ತೋರಿಸು" ಅಂತಷ್ಟೇ ಅಂದೆ. ಕಷ್ಟದ ಕೆಲಸ ಇದು. ಸರಿ ಉತ್ತರ ಕೇಳಿದ ತಕ್ಷಣ ಬಾಯಿಗೆ ಗುಡ್ ಬಂದುಬಿಡುತ್ತದೆ.

ಕಿಟಕಿ ಪಕ್ಕದ ಹುಡುಗನನ್ನು ಕರೆದೆ. ಬರಲು ಹಿಂದೇಟು ಹಾಕಿದ, ಬಂದ. "ನೀನು ಅವತ್ತು ಹೇಳಿದ್ದು ಎಲ್ಲರಿಗೂ ಇನ್ನೊಂದು ಸಲ ಹೇಳು, ದೊಡ್ಡ ತುಂಡು ಪುಟ್ಟ ತುಂಡಿನ ಮಾತು" ಅಂದೆ. ಹೇಳಿದ. "ಸರಿ. ಈಗ 0.5 ಇಡು." ಐದು ದೊಡ್ಡ ತುಂಡು ಇಟ್ಟ. "0.62 ಇಡು." ಪುಟ್ಟ ತುಂಡುಗಳನ್ನು ಎಣಿಸಲು ಶುರು ಮಾಡಿದ. ಹತ್ತೇ ಇದ್ದವು, ಅರವತ್ತೆರಡು ಬೇಕಿತ್ತು. ಹತ್ತನ್ನೂ ಇಟ್ಟು, ನಿಂತು, ಒಂದು ದೊಡ್ಡ ತುಂಡನ್ನು ಅದರ ಪಕ್ಕ ಇಟ್ಟು ಅಳೆದು ನೋಡಿದ. ಪುಟ್ಟವನ್ನೆಲ್ಲ ತೆಗೆದು ಅದರ ಜಾಗಕ್ಕೆ ದೊಡ್ಡದೊಂದನ್ನು ಇಟ್ಟ. ಆಮೇಲೆ ಇನ್ನೂ ಐದು. ಕೊನೆಗೆ ಎರಡು ಪುಟ್ಟವು. ಪುಟ್ಟ ತುಂಡುಗಳು ಸಾಲದೆ ಹೋದದ್ದೇ ಅವನಿಗೆ ದಾರಿ ತೋರಿಸಿತು. ಅದು ನಾನು ಯೋಚಿಸಿ ಮಾಡಿದ್ದಲ್ಲ, ರಟ್ಟು ಕಡಿಮೆ ಬಿದ್ದಿತ್ತು ಅಷ್ಟೇ. ನನ್ನ ಯೋಜನೆಯಲ್ಲಿ ಮಾತ್ರ ಇನ್ನು ಮುಂದೆ ಪುಟ್ಟ ತುಂಡುಗಳು ಹತ್ತೇ ಇರುತ್ತವೆ.

ಅವಧಿಯ ಕೊನೆಯ ಚೀಟಿಯಲ್ಲಿ ಸಂಖ್ಯೆಗಳನ್ನು ಬದಲಿಸಿದ್ದೆ, ಜೋಡಿಗಳ ಸ್ವರೂಪ ಮೊದಲಿನದ್ದೇ. ಅಂಕಿ ಜಾಸ್ತಿ ಇದ್ದದ್ದು ದೊಡ್ಡದು ಅನ್ನುವ ಗುಡ್ಡೆ ಅರ್ಧಕ್ಕಿಂತ ಕಡಿಮೆಯಾಯಿತು. ಅಂಕಿ ಕಡಿಮೆ ಇದ್ದದ್ದು ದೊಡ್ಡದು ಅನ್ನುವ ಗುಡ್ಡೆಯಲ್ಲಿ ಇಬ್ಬರು ಉಳಿದರು. ಸೊನ್ನೆಯ ಹುಡುಗಿ 0.6 ಮತ್ತು 0.60ರ ಥರದ ಲೆಕ್ಕದ ಪಕ್ಕದಲ್ಲಿ ಸಮ ಅಂತ ಬರೆದು, ಚಿತ್ರ ಬಿಡಿಸಿ, ಪಟ್ಟಿಗೆ ಗೆರೆಗಳನ್ನೂ ಹಾಕಿದ್ದಳು. ಆದರೆ ಮೂರು ಅಂಕಿಯ ಒಂದು ಜೋಡಿಯನ್ನು ಸುಮ್ನೆ ನೋಡೋಣ ಅಂತ ಕೊನೆಯಲ್ಲಿ ಸೇರಿಸಿದ್ದೆ, 0.345 ಮತ್ತು 0.36. ಅದರಲ್ಲಿ ತರಗತಿಯ ಅರ್ಧ ಜನ ಮತ್ತೆ 0.345ಕ್ಕೆ ಸುತ್ತು ಹಾಕಿದ್ದಾರೆ. ರಟ್ಟಿನಲ್ಲಿ ನಾವು ನೂರನೇ ಭಾಗದವರೆಗೆ ಮಾತ್ರ ಹೋಗಿದ್ದೆವು. ಪುಟ್ಟ ತುಂಡನ್ನು ಇನ್ನೂ ಹತ್ತು ಮಾಡಬಹುದು ಅನ್ನೋದು ಅವರಿಗೆ ತಾನಾಗೇ ಹೊಳೆದಿಲ್ಲ. ಹೊಳೆಯುತ್ತದೆ ಅಂತ ನಾನು ಅಂದುಕೊಂಡಿದ್ದೆ.

ವಾರದ ಯೋಜನೆಯ ಪ್ರಕಾರ ಮುಂದಿನದು ದಶಮಾಂಶಗಳ ಸಂಕಲನ. ಹೋಲಿಕೆಗೆ ಇನ್ನೊಂದು ಅವಧಿ ಕೇಳುವ ಹಾಗಿಲ್ಲ. ಹಾಗಾಗಿ ಸಂಕಲನದ ಮೊದಲ ಲೆಕ್ಕವಾಗಿ 0.8 + 0.45 ಅನ್ನೇ ಕೊಡುತ್ತೇನೆ, ಅದೂ ಅಡ್ಡ ಸಾಲಿನಲ್ಲಿ ಬರೆದು. ಬಿಂದುವಿನ ಕೆಳಗೆ ಬಿಂದು ಬರುವ ಹಾಗೆ ನಾನೇ ಜೋಡಿಸಿ ಕೊಟ್ಟರೆ ಎಲ್ಲರೂ ಸರಿ ಮಾಡಿಬಿಡುತ್ತಾರೆ, ನನಗೆ ಏನೂ ತಿಳಿಯುವುದಿಲ್ಲ. ಯಾರಾದರೂ 1.25 ಬದಲು 0.53 ಅಂತ ಬರೆದರೆ ಎಂಟಕ್ಕೆ ನಲವತ್ತೈದು ಕೂಡಿಸಿದ್ದಾರೆ ಅಂತ ಅರ್ಥ. ಆ ನೋಟ್ ಬುಕ್ ಯಾವ ಗುಡ್ಡೆಗೆ ಹೋಗಬೇಕು ಅಂತ ನನಗೆ ಗೊತ್ತಿದೆ, ರಟ್ಟಿನ ತುಂಡುಗಳೂ ಬ್ಯಾಗಿನಲ್ಲಿವೆ.